ಹೆಸರು ಬರೆಸಲು ಜಾಗವಿಲ್ಲದ ಕೊಳವೆ

ಪುತ್ತೂರಿನ ವರ್ತಕರ ಎದುರು ಏಪ್ರಿಲ್ ಕೊನೆಯಲ್ಲಿ ದುಡ್ಡು ಕೇಳಲು ನಿಲ್ಲುವವನ ಗುಂಡಿಗೆ ಗಟ್ಟಿ ಇರಬೇಕು. ಕಂಬಳ, ಊರೂರಿನ ಬ್ರಹ್ಮಕಲಶ, ಯಕ್ಷಗಾನ ಬಯಲಾಟ, ಕೊನೆಗೆ ಮಹಾಲಿಂಗೇಶ್ವರನ ಜಾತ್ರೆ ಎಂದು ಒಬ್ಬರ ಹಿಂದೆ ಒಬ್ಬರು ರಶೀದಿ ಪುಸ್ತಕ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿ ಇಳಿದಾಗಿರುತ್ತದೆ. ಎಲ್ಲರ ಕೊನೆಗೆ ಹೋದವನು ನಾನು, ಅದೂ ಕೆರೆಯ ಹೆಸರು ಹೇಳಿಕೊಂಡು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಇಂಥಲ್ಲಿ ಕೆರೆ ಉಳಿಸಿ ಎಂದರೆ ಜನ ನಗುವುದು ಸಹಜ.

ಆದರೂ ಏಪ್ರಿಲ್ ಬಿಟ್ಟು ಬೇರೆ ತಿಂಗಳು ನನಗೆ ಬೇಡವಾಗಿತ್ತು. ನಮ್ಮ ಬಡಾವಣೆಯ ಕೆರೆಗೆ ಮೂರು ಕಡೆಯಿಂದ ತೋಡು ಬರುತ್ತದೆ. ಮಳೆಗಾಲದಲ್ಲಿ ಮೂರೂ ಕೆಂಪಗೆ ಹರಿಯುತ್ತವೆ, ಯಾವುದರಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಮಳೆ ಇನ್ನೂ ಹಿಡಿಯದ ಏಪ್ರಿಲ್‌ನಲ್ಲಿ ಎರಡು ತೋಡು ಒಣಗಿ ಬಿರುಕು ಬಿಟ್ಟಿರುತ್ತವೆ. ಮೂರನೆಯದು ಆಗಲೂ ಹರಿಯುತ್ತದೆ. ಬೇಸಿಗೆಯಲ್ಲೂ ಹರಿಯುವುದು ಮಳೆನೀರಲ್ಲ, ಪೇಟೆಯ ಬಚ್ಚಲು, ಅಡುಗೆಮನೆಗಳ ನೀರು. ಅದನ್ನು ಕಣ್ಣಾರೆ ತೋರಿಸಲು ಬೇರೆ ಕಾಲವಿಲ್ಲ.

ವರ್ತಕರ ಸಭೆ ಕರೆದ ದಿನ ಕರೆಂಟ್ ಹೋಯಿತು. ಫ್ಯಾನ್ ನಿಂತ ಹಾಲ್‌ನಲ್ಲಿ ಜವಳಿಯವರು, ಹಾರ್ಡ್‌ವೇರಿನವರು, ಅಡಿಕೆ ವ್ಯಾಪಾರಿಗಳು, ಎರಡು ಹೋಟೆಲುಗಳ ಧನಿಗಳು ಬೈರಾಸಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಸುಳ್ಯ ಮತ್ತು ಕಡಬದಲ್ಲೂ ಅಂಗಡಿ ಇರುವ ಒಬ್ಬ ರಬ್ಬರ್ ವ್ಯಾಪಾರಿ ಮೊದಲು ಬಾಯಿ ತೆರೆದರು. "ಮಾಸ್ಟ್ರೇ, ಸುಳ್ಯಕ್ಕೆ ಪಯಸ್ವಿನಿ ಉಂಟು, ಕಡಬದ ಕಡೆಗೆ ಕುಮಾರಧಾರಾ ಉಂಟು. ನದಿಯೇ ಬೇಸಿಗೆಯಲ್ಲಿ ಕಲ್ಲು ಕಾಣುವಷ್ಟು ಇಳಿಯುತ್ತದೆ. ನಿಮ್ಮ ಐವತ್ತು ಸೆಂಟ್ಸಿನ ಹೊಂಡ ಏನು ಮಾಡೀತು?"

ಹೊಂಡ ಎಂಬ ಮಾತಿಗೆ ಹಿಂದಿನ ಸಾಲು ನಕ್ಕಿತು. ನಾನು ಲೆಕ್ಕ ಹೇಳಿದೆ. ಐವತ್ತು ಸೆಂಟ್ಸ್ ಎಂದರೆ ಸುಮಾರು 2,000 ಚದರ ಮೀಟರ್. ದಡದ ಇಳಿಜಾರು ಬಿಟ್ಟರೆ ತಳದಲ್ಲಿ 1,600. ಒಂದೂವರೆ ಮೀಟರ್ ಹೂಳು ತೆಗೆದರೆ 2,400 ಘನ ಮೀಟರ್, ಅಂದರೆ 24 ಲಕ್ಷ ಲೀಟರ್ ನೀರಿಗೆ ಹೆಚ್ಚುವರಿ ಜಾಗ. ಅದರಿಂದ ಪುತ್ತೂರಿನ ಬಾಯಾರಿಕೆ ಹೋಗುವುದಿಲ್ಲ. ಕೆರೆಯ ಕೆಳಗಿನ ಬಾವಿಗಳ ನೀರು ಮಾತ್ರ ಇನ್ನಷ್ಟು ದಿನ ನಿಲ್ಲಬಹುದು.

"ಅಷ್ಟು ಮಣ್ಣು ಎಲ್ಲಿಗೆ?" ಎಂದರು ಹಾರ್ಡ್‌ವೇರಿನವರು. ಮರಳು, ಜಲ್ಲಿ ಮಾರುವವರಿಗೆ ಲೋಡಿನ ಲೆಕ್ಕ ಚೆನ್ನಾಗಿ ಗೊತ್ತು. ಅಗೆದ ಮಣ್ಣು ಉಬ್ಬಿ 3,000 ಘನ ಮೀಟರ್ ಆಗುತ್ತದೆ. ಸಣ್ಣ ಟಿಪ್ಪರಿಗೆ ಐದರಂತೆ ಹಾಕಿದರೆ 600 ಲೋಡು. ಕೃಷಿಕರು ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕುವವರೇ. ಕೆರೆ ಹೂಳನ್ನು ಖುಷಿಯಿಂದ ಒಯ್ಯುತ್ತಾರೆ. ಆದರೆ ಪೇಟೆ ಕೆರೆಯ ಹೂಳಿನಲ್ಲಿ ಗಾಜಿನ ಬಾಟಲಿ ಇರುತ್ತದೆ, ಬರಿಗಾಲಲ್ಲಿ ತೋಟಕ್ಕೆ ಇಳಿಯುವವರ ಪಾದ ಸೀಳುತ್ತದೆ. ಹಾಗಾಗಿ ದಡದ ಬದಿಯ ಕಸ ಬೆರೆತ ಮಣ್ಣು ಬೇರೆ, ನಡುವಿನ ಶುದ್ಧ ಹೂಳು ಬೇರೆ ಎಂದು ಇಟಾಚಿಯವನಿಗೆ ಮೊದಲೇ ಹೇಳಬೇಕು. ತಳದಲ್ಲಿ ಅಂಟು ಜೇಡಿ ಸಿಕ್ಕಿದ ಕೂಡಲೇ ನಿಲ್ಲಿಸಲೂಬೇಕು. ಆ ಪದರ ತೂತಾದರೆ ಕೆಳಗಿನ ಮುರಕಲ್ಲು ಇರುವ ನೀರನ್ನೂ ಕುಡಿದುಬಿಡುತ್ತದೆ. ಇನ್ನೂ ಆಳ ಮಾಡಿ ಎನ್ನುವ ಉತ್ಸಾಹಿಗಳಿಗೆ ಇದು ರುಚಿಸುವುದಿಲ್ಲ.

ಇಷ್ಟರವರೆಗೆ ಸಭೆ ನನ್ನ ಜೊತೆಗಿತ್ತು. ಒಟ್ಟು ಖರ್ಚು ಅಂದಾಜು ಹನ್ನೊಂದು ಲಕ್ಷ ಎಂದಾಗಲೂ ಯಾರೂ ಏಳಲಿಲ್ಲ. ಬೆಂಗಳೂರಿನ ಕ್ಯಾಲಸನಹಳ್ಳಿಯಲ್ಲಿ ಆನಂದ್ ಮಲ್ಲಿಗವಾಡ್ 2017ರಲ್ಲಿ 36 ಎಕ್ರೆ ಕೆರೆ ಎಬ್ಬಿಸಿದ್ದನ್ನು ಒಬ್ಬರು ನೆನಪಿಸಿದರು. ಅಲ್ಲಿ ಆನಂದ್ ಕೆಲಸ ಮಾಡುತ್ತಿದ್ದ ಕಂಪನಿಯ ಸಿಎಸ್‌ಆರ್ ಹಣ ಇತ್ತು. ವರ್ಷಕ್ಕೆ ಐದು ಕೋಟಿ ನಿವ್ವಳ ಲಾಭವೋ ಸಾವಿರ ಕೋಟಿ ವಹಿವಾಟೋ ಇರುವ ಕಂಪನಿಗಳಿಗೆ ಆ ಕಾನೂನು. ನಮ್ಮ ಪೇಟೆಯ ಅಂಗಡಿಗಳಿಗೆ ಅಂಥ ಬಾಧ್ಯತೆ ಇಲ್ಲ, ಕೊಟ್ಟರೆ ಕಿಸೆಯಿಂದಲೇ. 80ಜಿ ವಿನಾಯಿತಿ ಕೇಳಿದವರಿಗೆ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಅದೂ ಸಿಗದು ಎಂದು ಅಲ್ಲೇ ಕುಳಿತಿದ್ದ ಲೆಕ್ಕಪರಿಶೋಧಕರು ಹೇಳಿ ನನ್ನ ಕೆಲಸ ಹಗುರ ಮಾಡಿದರು.

ನಂತರ ವಾಗ್ದಾನಗಳು ಬಂದವು. ಜವಳಿಯವರು ನಾಲ್ಕು ಕಲ್ಲುಬೆಂಚು ಎಂದರು. ಒಬ್ಬರು ಗೇಟು, ಕಮಾನು. ಇನ್ನೊಬ್ಬರು ತಾಯಿಯ ಹೆಸರಿನಲ್ಲಿ ನಡಿಗೆಯ ದಾರಿ. ನಾನು ಬರೆದುಕೊಳ್ಳಲಿಲ್ಲ. "ಮೊದಲು ಮೂರನೇ ತೋಡಿನ ಕೊಳವೆ. ಮೂರೂವರೆ ಲಕ್ಷ. ಅದಾಗದೆ ಒಂದು ಬೆಂಚೂ ಬೇಡ" ಎಂದೆ.

ಆ ಕೊಳವೆಯ ವಿಷಯ ದೊಡ್ಡದೇನಲ್ಲ. ತೋಡಿಗೆ ಅಡ್ಡಲಾಗಿ ಮೊಣಕಾಲೆತ್ತರಕ್ಕಿಂತ ಕೆಳಗೆ ಒಂದು ಕಟ್ಟೆ. ಅದರ ಹಿಂದೆ ತಳಮಟ್ಟದಲ್ಲಿ ಕೊಳವೆಯ ಬಾಯಿ, ಬಾಯಿಗೆ ಕಬ್ಬಿಣದ ಜಾಲರಿ. ಬೇಸಿಗೆಯ ಕೊಳಕು ನೀರು ಸಣ್ಣ ಹರಿವು, ಕಟ್ಟೆ ಹತ್ತಲಾರದೆ ಕೊಳವೆಗೆ ಬಿದ್ದು ಕೆರೆಯ ಬದಿಯಿಂದಲೇ ಕೆಳಗೆ ಹೋಗುತ್ತದೆ. ಮಳೆಯ ನೆರೆ ಕಟ್ಟೆ ದಾಟಿ ಕೆರೆಗೆ ಬರುತ್ತದೆ. ಇದನ್ನು ಮಾಡದೆ ಅಂತರಗಂಗೆ ಕಿತ್ತರೆ ಫೋಟೋ ಬರುತ್ತದೆ, ಗಿಡವೂ ಮತ್ತೆ ಬರುತ್ತದೆ, ಏಕೆಂದರೆ ಅದಕ್ಕೆ ಗೊಬ್ಬರ ಹಾಕುವುದೇ ಆ ತೋಡು. ಕೊಳವೆಗೂ ಮಿತಿ ಉಂಟು. ಕೊಳಕು ಮಾಯವಾಗುವುದಿಲ್ಲ, ಕೆಳಗಿನವರ ಕಡೆಗೆ ಸಾಗುತ್ತದೆ. ಆದ್ದರಿಂದ ಹೋಟೆಲುಗಳು ತಮ್ಮ ಹಿತ್ತಿಲಲ್ಲೇ ಜಿಡ್ಡು ತಡೆಯುವ ತೊಟ್ಟಿ ಕಟ್ಟಿಕೊಳ್ಳಬೇಕು. ಇಂಗುಗುಂಡಿ ಸಾಕಲ್ಲವೇ ಎಂದರೆ ಆಗದು. ಮುರಕಲ್ಲಿನ ನೆಲದಲ್ಲಿ ಇಂಗಿದ್ದು ಬೇಗನೆ ಬಾವಿಗೆ ಮುಟ್ಟುತ್ತದೆ.

ಹೋಟೆಲು ಎಂಬ ಮಾತು ಬಿದ್ದದ್ದೇ ತಡ, ಎರಡನೇ ಸಾಲಿನ ಧನಿ ಎದ್ದು ನಿಂತರು. "ನನ್ನನ್ನು ಕರೆದು ಕೂರಿಸಿ ಮರ್ಯಾದೆ ತೆಗೆಯುವುದಾ ಮಾರಾಯ್ರೆ? ದುಡ್ಡೂ ನಾನು ಕೊಡಬೇಕು, ಕಳ್ಳನೂ ನಾನೇ ಆಗಬೇಕು!" ನಾನು ಯಾರ ಹೆಸರನ್ನೂ ಹೇಳಿರಲಿಲ್ಲ. ಸಭೆಗೆ ಅದು ಬೇಕಾಗಿಯೂ ಇರಲಿಲ್ಲ. ಅವರು ಹೊರಟರು, ಹಿಂದೆ ಅರ್ಧ ಸಭೆ. ಒಬ್ಬರು ಹೋಗುತ್ತಾ, ಕೆರೆಯ ಪಕ್ಕ ನನ್ನ ತಮ್ಮನ ಜಾಗ ಇದೆ, ಬೆಲೆ ಏರಿಸುವ ಉಪಾಯ ಇದು ಎಂದರು. ತಮ್ಮನಿಗೆ ಪುತ್ತೂರಿನಲ್ಲಿ ಜಾಗವೇ ಇಲ್ಲ. ಪಹಣಿ, ಹದ್ದುಬಸ್ತಿನ ನಕ್ಷೆ ಕೈಯಲ್ಲಿದ್ದರೂ ಕತ್ತಲಾಗುತ್ತಿದ್ದ ಹಾಲ್‌ನಲ್ಲಿ ನೋಡುವವರು ಯಾರು?

ಆಮೇಲಿನ ವಾರಗಳು ಸಭೆಗಿಂತ ಕಷ್ಟ. ಎಷ್ಟೋ ವರ್ಷ ಸಾಲ ಕೊಟ್ಟ ಅಂಗಡಿಯಲ್ಲಿ ನಗದು ಇದೆಯಾ ಎಂದು ಕೇಳಿದರು. ಹೆಂಡತಿ, "ಇನ್ನು ಮೀನು ಮಾರ್ಕೆಟಿಗೂ ನಾನೇ ಹೋಗಬೇಕು ಅಂತ ಕಾಣುತ್ತದೆ" ಎಂದಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಂಚುಗಳನ್ನು ಒಪ್ಪಿಕೊಂಡಿದ್ದರೆ ಎಲ್ಲರ ಬಾಯಿ ಸಿಹಿಯಾಗುತ್ತಿತ್ತು ಎಂದು ನಮ್ಮ ಕೆರೆ ಸಮಿತಿಯವರೇ ಹೇಳಿದರು. ಅವರ ಮಾತು ಸುಳ್ಳಲ್ಲ. ನನಗೆ ಮಾತ್ರ ಈಗಲೂ ಹಾಗನ್ನಿಸಿಲ್ಲ.

ದಾರಿ ತೆರೆದದ್ದು ಇನ್ನೊಂದು ಹೋಟೆಲಿನ ಧನಿ. ಸಭೆಯಲ್ಲಿ ಒಂದು ಮಾತೂ ಆಡದಿದ್ದವರು ಒಂದು ಬೆಳಿಗ್ಗೆ ಬಂದು, "ತೋಡು ತೋರಿಸಿ" ಎಂದರು. ಇಬ್ಬರೂ ಕೆರೆಯಿಂದ ಮೇಲಕ್ಕೆ, ಹರಿಯುವ ನೀರಿನ ಜಾಡು ಹಿಡಿದು ಅವರದೇ ಹಿತ್ತಿಲಿಗೆ ತಲುಪಿದೆವು. ಅವರು ಪಾತ್ರೆ ತೊಳೆಯುವ ಜಾಗ ನೋಡಿದರು, ನನ್ನನ್ನು ನೋಡಲಿಲ್ಲ. ವಾರದೊಳಗೆ ಎರಡು ಕೋಣೆಯ ತೊಟ್ಟಿ ಕಟ್ಟಿಸಿ, ಕೊಳವೆಗೆ ಒಂದು ಲಕ್ಷ ಕೊಟ್ಟರು. ಹೆಸರು ಬೇಡ ಎಂಬ ಷರತ್ತು ಹಾಕಿದರು. ಉಳಿದದ್ದು ಹಾರ್ಡ್‌ವೇರಿನವರ ಸಿಮೆಂಟು, ಕೊಳವೆ ಮತ್ತು ಸಣ್ಣ ಸಣ್ಣ ರಶೀದಿಗಳಿಂದ ಬಂತು. ಪತ್ತನಾಜೆಯ ಹೊತ್ತಿಗೆ ಕಟ್ಟೆಯ ಕೊನೆಯ ಗಾರೆ ಒಣಗಿತ್ತು.

ಜಾಲರಿಗೆ ಸಿಕ್ಕುವ ಪ್ಲಾಸ್ಟಿಕ್ ವಾರಕ್ಕೊಮ್ಮೆ ತೆಗೆಯಬೇಕು, ತೊಟ್ಟಿಯ ಜಿಡ್ಡು ತಿಂಗಳಿಗೊಮ್ಮೆ. ಇದರ ಕೂಲಿ ಯಾರು ಕೊಡುವುದೆಂದು ಇನ್ನೂ ತೀರ್ಮಾನವಾಗಿಲ್ಲ, ಸದ್ಯಕ್ಕೆ ಸಮಿತಿಯೇ ಕೊಡುತ್ತಿದೆ. ಎದ್ದುಹೋದ ಧನಿಯ ನೀರು ಈಗಲೂ ಕೊಳವೆಗೆ ಹಾಗೆಯೇ ಬರುತ್ತದೆ. ಹೂಳು ತೆಗೆದಿಲ್ಲ. ಅದರ ಏಳೂವರೆ ಲಕ್ಷಕ್ಕೆ ಈ ಸಲ ಸಭೆಯನ್ನು ಡಿಸೆಂಬರಿನಲ್ಲೇ, ಕಂಬಳದ ರಶೀದಿ ಹೊರಡುವ ಮೊದಲು ಕರೆದಿದ್ದೇವೆ.