ಎರಡು ಗೇಟಿನ ಮನೆ, ಒಂದೇ ಗೇಟಿಗೆ ಕೊಟ್ಟ ಚೀಟಿ

ಯೂಟ್ಯೂಬ್ ಚೆನ್ನಾಗಿ ಓಡತ್ತೆ, ವಾಟ್ಸಾಪ್ ವಿಡಿಯೋ ಕಾಲೂ ಆಗತ್ತೆ, ಆದ್ರೆ ಹೊರಗಿನವರಿಗೆ ಮಾತ್ರ ನಮ್ಮನೆ ಕಂಪ್ಯೂಟರ್‌ ಸಿಗಲ್ಲ. ಇದೆಂಥಾ ಕಾಯಿಲೆ ಅಂತ ಎರಡು ತಿಂಗಳು ನಮ್ಮ ಜ್ಞಾನಭಾರತಿ ಮನೇಲಿ ಯಾರಿಗೂ ಗೊತ್ತಾಗ್ಲಿಲ್ಲ. ಮೊನ್ನೆ ಗೊತ್ತಾಯ್ತು. ನಿಮ್ಮಲ್ಲೂ ಎಷ್ಟೋ ಜನರ ಮನೇಲಿ ಎರಡು ವೈಫೈ ಡಬ್ಬಿ ಇರೋದ್ರಿಂದ ವಿವರವಾಗೇ ಬರೀತಿದೀನಿ ಕಣ್ರೀ.

ನಮ್ಮದು ಕೆಳಗೊಂದು, ಮೇಲೊಂದು ಮಹಡಿ. ಇಂಟರ್ನೆಟ್ ಕಂಪನಿಯವರು ಫೈಬರ್ ಎಳೆದು ಕೆಳಗಡೆ ಹಾಲಲ್ಲಿ ಒಂದು ಡಬ್ಬಿ ಕೂರಿಸಿ ಹೋದ್ರು. ಮೇಲೆ ಸಿಗ್ನಲ್ ಬರ್ತಿರ್ಲಿಲ್ಲ. ನಮ್ಮನೆಯವರು ಇನ್ನೊಂದು ರೂಟರ್ ತಂದು, ಕೆಳಗಿನ ಡಬ್ಬಿಯಿಂದ ವೈರ್ ಎಳೆದು ಮೇಲೆ ಇಟ್ರು. ಅಲ್ಲಿಂದ ಎರಡು ತೊಂದರೆ ಶುರುವಾಯ್ತು. ಮಗ ತನ್ನ ಕಂಪ್ಯೂಟರಲ್ಲಿ ಮೈನ್‌ಕ್ರಾಫ್ಟ್ ಆಟ ತೆರೆದು ಕೂತ್ರೆ, ಕೆಂಗೇರಿಲಿರೋ ನಮ್ಮ ನಾದಿನಿ ಮಗನಿಗೆ ಸೇರ್ಕೊಳ್ಳಕ್ಕೆ ಆಗ್ತಿರ್ಲಿಲ್ಲ. `Connection timed out` ಅಂತ ಬರೋದು. ಅದು ಹೋಗ್ಲಿ ಅನ್ನಬಹುದು. ಆದ್ರೆ ಕ್ಯಾಮೆರಾ ರೆಕಾರ್ಡರ್ ಕೂಡ ಮೇಲಿನ ರೂಟರಿಗೇ ಸೇರಿತ್ತು. ಮಧ್ಯಾಹ್ನ ಮನೇಲಿ ಅತ್ತೆಯವರು ಒಬ್ಬರೇ ಇರ್ತಾರೆ, ಎರಡು ಸಲ ಬಾತ್‌ರೂಮ್ ಹತ್ರ ಜಾರಿದ್ದಾರೆ. ನಾನು ಕೆಲಸದ ಜಾಗದಿಂದ ಫೋನಲ್ಲಿ ನೋಡೋಣ ಅಂದ್ರೆ ಪರದೆ ಕಪ್ಪಗೇ ಇರೋದು. ಮನೆಗೆ ಬಂದು ಮೇಲಿನ ವೈಫೈಗೆ ಸೇರಿದ್ರೆ ಚೆನ್ನಾಗಿ ಕಾಣೋದು.

ಕಂಪನಿಗೆ ಫೋನ್ ಮಾಡಿದ್ರೆ "ಸ್ಪೀಡ್ ಸರಿ ಇದೆ ಮೇಡಂ" ಅಂದು ಇಟ್ಟುಬಿಟ್ರು. ಸ್ಪೀಡ್ ಸರಿ ಇತ್ತು, ಅವರು ಹೇಳಿದ್ದು ನಿಜವೇ. ತೊಂದರೆ ವಿಳಾಸದ್ದು.

ಎದುರುಮನೆ ಹುಡುಗಿ ನೆಟ್‌ವರ್ಕ್ ಕೆಲಸದಲ್ಲಿದಾಳೆ. ಅವಳು ಬಂದು ಹೇಳಿದ್ದು ಕೇಳಿ. "ಆಂಟಿ, ಹಳೇ ವಠಾರ ನೆನಪಿದೆಯಾ? ಇಡೀ ವಠಾರಕ್ಕೆ ಬೀದಿ ಕಡೆ ಒಂದೇ ಬಾಗಿಲ ನಂಬರು. ಒಳಗಿನ ಮನೆಗಳ ನಂಬರು ಹೊರಗಿನವರಿಗೆ ಗೊತ್ತಿರಲ್ಲ." ಜಗತ್ತಲ್ಲಿ ಹಳೇ ರೀತಿಯ ಇಂಟರ್ನೆಟ್ ವಿಳಾಸ ಇರೋದೇ ಸುಮಾರು 430 ಕೋಟಿ. ಪ್ರತಿ ಫೋನಿಗೂ ಟಿವಿಗೂ ಒಂದೊಂದು ಕೊಡಕ್ಕೆ ಸಾಲಲ್ಲ. ಅದಕ್ಕೇ ಮನೆಗೊಂದು ಹೊರಗಿನ ವಿಳಾಸ, ಒಳಗಿನ ಸಾಮಾನುಗಳಿಗೆ ರೂಟರ್ ಕೊಡೋ ಖಾಸಗಿ ನಂಬರು. ಈ ಅದಲುಬದಲಿಗೇ ನ್ಯಾಟ್ ಅಂತಾರೆ. ಒಳಗಿನಿಂದ ಯಾರಾದ್ರೂ ಹೊರಗೆ ಹೋದ್ರೆ ಗೇಟಿನವನು ಪುಸ್ತಕದಲ್ಲಿ ಬರ್ಕೋತಾನೆ, ಉತ್ತರ ಬಂದಾಗ ಸರಿಯಾದ ಮನೆಗೆ ಕಳಿಸ್ತಾನೆ. ಯೂಟ್ಯೂಬ್ ಓಡೋದು ಹಾಗೇ. ಆದ್ರೆ ಹೊರಗಿನಿಂದ ಯಾರೋ ತಾವಾಗೇ ಬಂದು ಬಾಗಿಲು ತಟ್ಟಿದ್ರೆ ಪುಸ್ತಕದಲ್ಲಿ ಹೆಸರಿಲ್ಲ, ವಾಪಸ್ ಕಳಿಸ್ತಾನೆ. ಅಂಥವರನ್ನ ಬಿಡ್ಬೇಕು ಅಂದ್ರೆ ಮೊದಲೇ ಚೀಟಿ ಬರೆದು ಕೊಡ್ಬೇಕು. ಅದೇ `Port Forwarding`.

ನಮ್ಮ ಮಗ ಚೀಟಿ ಕೊಟ್ಟಿದ್ದ. ಮೈನ್‌ಕ್ರಾಫ್ಟಿನ ಜಾವಾ ಆಟದ ಬಾಗಿಲು 25565, ಅದಕ್ಕೆ ಯಾರಾದ್ರೂ ಬಂದ್ರೆ ನನ್ನ ಕಂಪ್ಯೂಟರಿಗೆ ಕಳಿಸಿ ಅಂತ ಮೇಲಿನ ರೂಟರಲ್ಲಿ ಬರೆದಿದ್ದ. ಅದು ಸರಿಯಾಗೇ ಇತ್ತು. ಆದ್ರೆ ಕಂಪನಿ ಕೊಟ್ಟ ಡಬ್ಬಿನೂ ಒಂದು ರೂಟರೇ! ಬೀದಿ ಗೇಟಲ್ಲಿ ನಿಂತಿರೋನು ಅದು. ಅವನ ಕೈಲಿ ಚೀಟಿ ಇಲ್ಲ. ಕೆಂಗೇರಿಯಿಂದ ಬಂದ ಹುಡುಗ ಅಲ್ಲೇ ವಾಪಸ್. ಮೇಲಿನ ರೂಟರಿಗೆ ಯಾರೋ ಬಂದಿದ್ದೇ ಗೊತ್ತಾಗಲ್ಲ. ಆಟದವರು ತಾವೇ ಬಾಗಿಲು ತೆಗೆಸ್ಕೊಳ್ಳೋ `UPnP` ಅನ್ನೋದೂ ಸಾಮಾನ್ಯವಾಗಿ ಹತ್ತಿರದ ರೂಟರಿಗೆ ಮಾತ್ರ ಹೇಳತ್ತೆ. ಒಳಗೆ "ಆಯ್ತು" ಅಂತ ತೋರ್ಸತ್ತೆ, ಹೊರಗೆ ಏನೂ ಆಗಿರಲ್ಲ.

ಇದೇ ಕಾಯಿಲೆ ಅಂತ ಗೊತ್ತು ಮಾಡೋದು ಹೇಗೆ? ಅವಳು ಮೊದಲು ಮೇಲಿನ ರೂಟರಿನ ಪುಟ ತೆಗೆದು `WAN IP` ಅನ್ನೋ ಸಾಲು ನೋಡಿದ್ಲು. ಅಲ್ಲಿ 192.168.1.5 ಅಂತಿತ್ತು. ಹೊರಗಿನ ವಿಳಾಸ ಇರಬೇಕಾದ ಜಾಗದಲ್ಲಿ ಖಾಸಗಿ ನಂಬರು! 192.168, ಅಥವಾ 10, ಅಥವಾ 172.16 ರಿಂದ 172.31ರ ತನಕ ಶುರುವಾಗೋದೆಲ್ಲ ಒಳಮನೆ ನಂಬರೇ. ಆಮೇಲೆ ಮಗನ ಕಂಪ್ಯೂಟರಲ್ಲಿ ಇದನ್ನ ಟೈಪ್ ಮಾಡಿದ್ಲು:

```
tracert -d 8.8.8.8
  1    1 ms    1 ms    1 ms  192.168.0.1
  2    2 ms    2 ms    2 ms  192.168.1.1
```

ಮೊದಲನೇದು ಮೇಲಿನ ರೂಟರ್, ಎರಡನೇದು ಹಾಲಿನ ಡಬ್ಬಿ. ಎರಡು ಗೇಟು ಸಾಲಾಗಿ ಕಾಣ್ತಲ್ಲ? ಆದ್ರೆ ಇದೊಂದನ್ನೇ ನಂಬಬಾರದಂತೆ. ಕೆಲವು ಕಂಪನಿಗಳು ತಮ್ಮ ದಾರಿಯಲ್ಲೂ ಖಾಸಗಿ ನಂಬರು ಬಳಸ್ತವೆ. `WAN IP` ಸಾಲೇ ಗಟ್ಟಿ ಸಾಕ್ಷಿ. ಮನೆಮಟ್ಟಿಗೆ ಇನ್ನೊಂದು ಗುರುತೂ ಇದೆ. ನಮ್ಮಲ್ಲಿ ಕೆಳಗಿನ ವೈಫೈಲಿದ್ದ ಫೋನಿಗೆ ಮೇಲಿನ ಕ್ಯಾಮೆರಾ ಸಿಗ್ತಿರ್ಲಿಲ್ಲ, ಮೇಲಿನ ಕಂಪ್ಯೂಟರಿಂದ ಕೆಳಗಿನ ಪ್ರಿಂಟರ್ ಮಾತ್ರ ಆಗ್ತಿತ್ತು. ಒಳಗಿಂದ ಹೊರಕ್ಕೆ ದಾರಿ ಇದೆ, ಹೊರಗಿಂದ ಒಳಕ್ಕಿಲ್ಲ.

ಪರಿಹಾರ ಅಂದ್ರೆ ಒಬ್ಬ ಗೇಟಿನವನನ್ನ ತೆಗೆಯೋದು. ಕಂಪನಿ ಡಬ್ಬಿಯನ್ನೇ ಬರೀ ದಾರಿಯಾಗಿಸೋ ಬ್ರಿಜ್ ಮೋಡ್ ಇದೆ, ಆದ್ರೆ ಅದನ್ನ ಸಾಮಾನ್ಯವಾಗಿ ಕಂಪನಿಯವರೇ ಮಾಡ್ಬೇಕು, ಅದೇ ಡಬ್ಬಿಗೆ ಫೋನ್ ಸೇರಿಸಿದ್ರೆ ಅದು ನಿಂತರೂ ನಿಲ್ಲಬಹುದು. ನಾವು ಸುಲಭದ್ದು ಮಾಡಿದ್ವಿ. ಮೇಲಿನ ರೂಟರಲ್ಲಿ `Access Point` ಅನ್ನೋದು ಆರಿಸಿದ್ವಿ. ಈಗ ಅದು ವೈಫೈ ಮಾತ್ರ ಹಂಚತ್ತೆ, ನಂಬರು ಕೊಡೋದು ಕೆಳಗಿನ ಡಬ್ಬಿಯೊಂದೇ. ಮಗನ ಕಂಪ್ಯೂಟರಿಗೆ 192.168.1.20 ಅಂತ ಖಾಯಂ ನಂಬರು ಕೊಟ್ವಿ. ಇಲ್ಲದಿದ್ರೆ ನಾಳೆ ನಂಬರು ಬದಲಾಗಿ ಚೀಟಿ ಬೇರೆಯವರಿಗೆ ಹೋಗತ್ತೆ. ಆಮೇಲೆ ಕೆಳಗಿನ ಡಬ್ಬಿಗೆ 25565ರ ಚೀಟಿ. ಆ ಡಬ್ಬಿಯ ಪಾಸ್‌ವರ್ಡ್‌ಗೆ ಮಾತ್ರ ಮೂರು ಸಲ ಫೋನ್ ಮಾಡ್ಬೇಕಾಯ್ತು.

ಪರೀಕ್ಷೆ ಮಾಡೋವಾಗ ಮನೆ ವೈಫೈಯಿಂದಲೇ ಮಾಡ್ಬೇಡಿ. ಕೆಲವು ರೂಟರಲ್ಲಿ ಒಳಗೇ ಇದ್ದು ಹೊರಗಿನ ವಿಳಾಸಕ್ಕೆ ಹೋದ್ರೆ ಸಿಗಲ್ಲ, ಸುಮ್ನೆ ಗಾಬರಿ ಆಗತ್ತೆ. ನಾವು ಕೆಂಗೇರಿಗೇ ಫೋನ್ ಮಾಡಿದ್ವಿ. "ಬಂತು, ಬಂತು!" ಅಂತ ಕಿರುಚಾಡಿದ ಹುಡುಗ.

ಕ್ಯಾಮೆರಾಗೆ ಮಾತ್ರ ಅವಳು ಹಾಗೇ ಬಾಗಿಲು ತೆಗೆಯಕ್ಕೆ ಬಿಡ್ಲಿಲ್ಲ. 2016ರಲ್ಲಿ ಮಿರಾಯ್ ಅನ್ನೋ ದುಷ್ಟ ಪ್ರೋಗ್ರಾಂ, ಕಂಪನಿ ಇಟ್ಟ ಪಾಸ್‌ವರ್ಡೇ ಇದ್ದ ಕ್ಯಾಮೆರಾ, ರೆಕಾರ್ಡರ್‌ಗಳನ್ನ ಲಕ್ಷಗಟ್ಟಲೆ ವಶಪಡಿಸ್ಕೊಂಡಿತ್ತಂತೆ. ಮೊದಲು ಪಾಸ್‌ವರ್ಡ್ ಬದಲಾಯಿಸಿ, ಬಾಗಿಲು ನೇರವಾಗಿ ತೆಗೆಯೋ ಬದಲು ವಿಪಿಎನ್ ಹಾಕಿಕೊಟ್ಲು. ಅಂದ್ರೆ ನನ್ನ ಫೋನಿಗೆ ಮಾತ್ರ ಬೀಗದ ಕೈ ಇರೋ ಖಾಸಗಿ ದಾರಿ. ಅದಕ್ಕೂ ಕೆಳಗಿನ ಡಬ್ಬಿಗೆ ಒಂದು ಚೀಟಿ ಬೇಕೇ ಬೇಕು. ಈಗ ಮಧ್ಯಾಹ್ನ ಒಂದೂವರೆಗೆ ಅತ್ತೆಯವರು ಊಟ ಮಾಡಿ ಮಂಚಕ್ಕೆ ಹೋಗೋದನ್ನ ನೋಡಿ ನಾನು ಡಬ್ಬಿ ಬಿಚ್ತೀನಿ.

ಇಷ್ಟೆಲ್ಲಾ ಮಾಡಿದ್ರೂ ಎಲ್ಲರ ಮನೇಲೂ ಆಗಲ್ಲ. ಪಕ್ಕದ ಬೀದಿ ಅಕ್ಕನ ಮನೇಲಿ ಕಂಪನಿ ಡಬ್ಬಿಯ `WAN IP` ನೋಡಿದ್ರೆ 100.72 ಅಂತ ಶುರುವಾಗಿತ್ತು. 100.64 ರಿಂದ 100.127ರ ತನಕ ಕಂಪನಿಗಳು ತಮ್ಮೊಳಗೆ ಹಂಚಕ್ಕೆ ಇಟ್ಟಿರೋ ನಂಬರು. ಅಂದ್ರೆ ಮೂರನೇ ಗೇಟು ಕಂಪನಿ ಹತ್ರವೇ ಇದೆ, ನಮ್ಮ ಚೀಟಿ ಅಲ್ಲಿ ನಡೆಯಲ್ಲ. ನಮ್ಮನೇಲಿ ಡಬ್ಬಿಯ ನಂಬರೂ, ಗೂಗಲಲ್ಲಿ `what is my ip` ಅಂತ ಕೇಳಿದ್ರೆ ಬಂದ ನಂಬರೂ ಒಂದೇ ಇತ್ತು, ಅದಕ್ಕೇ ಕೆಲಸ ಆಯ್ತು. ಬೇರೆಬೇರೆ ಬಂದ್ರೆ ಸೆಟ್ಟಿಂಗ್ ಬದಲಾಯಿಸ್ತಾ ಕೂರಬೇಡಿ. ಕಂಪನಿಗೆ ಫೋನ್ ಮಾಡಿ, ಸ್ಪೀಡಿನ ಮಾತೇ ಎತ್ತದೆ, "ನಮಗೆ ಪಬ್ಲಿಕ್ ಐಪಿ ಬೇಕು, ತಿಂಗಳಿಗೆ ಎಷ್ಟಾಗತ್ತೆ?" ಅಂತ ಕೇಳಿ.