ಬಿಲ್ಲಿನ ನಾಲ್ಕನೆಯ ಪುಟ

ನಮ್ಮ ಮನೆಯ ನಾಲ್ಕು ಮೊಬೈಲುಗಳಿಗೆ ಒಂದೇ ಪೋಸ್ಟ್‌ಪೇಯ್ಡ್ ಬಿಲ್ಲು ಬರುತ್ತದೆ. ಪ್ರತಿ ತಿಂಗಳು ಮೊದಲ ಪುಟದ ಒಟ್ಟು ಮೊತ್ತವನ್ನಷ್ಟೇ ನೋಡಿ ಹಣ ಕಟ್ಟುವುದು ನಮ್ಮ ರೂಢಿ. ಫೆಬ್ರವರಿಯ ಬಿಲ್ಲನ್ನು ಮಾತ್ರ ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿರುವ ನಮ್ಮ ಮಗಳು ತೆರೆದಳು. ಮನೆಖರ್ಚಿನ ಲೆಕ್ಕ ಬರೆಯುವ ಕೆಲಸವನ್ನು ಅವಳ ಅಮ್ಮಿ ಆಗಷ್ಟೇ ಅವಳಿಗೆ ವಹಿಸಿದ್ದರು.

“ಅಬ್ಬಾ, ಯಾವುದೋ ಆ್ಯಪ್‌ನ ನವೀಕರಣಕ್ಕೆಂದು 299 ರೂಪಾಯಿ ಹಾಕಿದ್ದಾರೆ. ಇದು ಯಾರದು?” ಎಂದು ಕೇಳಿದಳು.

ನಾವು ಆಲೋಚಿಸಲಿಲ್ಲ. ಹತ್ತನೇ ತರಗತಿಯ ಮಗ ಮೊಬೈಲಿನಲ್ಲಿ ಆಟವಾಡುತ್ತಾನೆಂಬ ಅಸಮಾಧಾನ ನಮ್ಮೊಳಗೆ ಮೊದಲೇ ಇತ್ತು. ಅವನನ್ನು ಕರೆದು ಗದರಿಸಿದೆವು. ಅವನು ಅಲ್ಲವೆಂದಷ್ಟೂ ನಮ್ಮ ಸಿಟ್ಟು ಏರಿತು. ಅವನ ಮೊಬೈಲು ಕಪಾಟಿನೊಳಗೆ ಹೋಯಿತು. ಬೀಗದ ಕೈ ನಮ್ಮ ಜೇಬಿಗೆ ಬಂದಿತು.

ಮಗಳು ಏನೂ ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ, ಮಗ್ರಿಬ್ ನಮಾಝಿನ ನಂತರ, ಹಳೆಯ ಬಿಲ್ಲುಗಳನ್ನೆಲ್ಲ ತೆರೆದುಕೊಂಡು ನಮ್ಮೆದುರು ಕುಳಿತಳು. ಮೊದಲ ಪುಟದಲ್ಲಿ ಇರುವುದು ಒಟ್ಟು ಲೆಕ್ಕ ಮಾತ್ರ, ಯಾವ ನಂಬರಿಗೆ ಯಾವ ಖರ್ಚೆಂಬ ವಿವರ ನಾಲ್ಕನೆಯ ಪುಟದಲ್ಲಿದೆ ಎಂದು ತೋರಿಸಿದಳು. ಆ 299 ರೂಪಾಯಿ ಇದ್ದುದು ನಮ್ಮದೇ ನಂಬರಿನ ಕೆಳಗೆ. ಅದು ಅಕ್ಟೋಬರಿನಿಂದ ಐದು ಬಾರಿ, ಪ್ರತಿ ತಿಂಗಳ 11ನೇ ತಾರೀಖಿನಂದು ಹೋಗಿತ್ತು. ಒಟ್ಟು 1,495 ರೂಪಾಯಿ.

ನಮ್ಮ ಮೊಬೈಲಿನಲ್ಲಿ ಅಂತಹ ಆ್ಯಪ್ ಯಾವುದೂ ಇಲ್ಲವೆಂದು ನಾವು ವಾದಿಸಿದೆವು. ಅದು ನಿಜವೂ ಆಗಿತ್ತು. “ಇಂತಹ ಆ್ಯಪ್‌ಗಳು ಮೊದಲು ಕೆಲವು ದಿನ ಉಚಿತವಾಗಿರುತ್ತವೆ, ಹೆಚ್ಚಾಗಿ ಮೂರು ದಿನವೋ ಏಳು ದಿನವೋ” ಎಂದಳು. “ಅಕ್ಟೋಬರ್ 4ರಂದು ಅಥವಾ 8ರಂದು ನೀವು ಏನು ಮಾಡಿದ್ದಿರಿ?”

ವಾಟ್ಸಾಪಿನಲ್ಲಿ ಹುಡುಕಿದಾಗ 8ರಂದು ಮದ್ರಸಾದ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಣಾಲಯಕ್ಕೆ ಕಳುಹಿಸಿದ್ದು ಸಿಕ್ಕಿತು. ಆಗ ಎಲ್ಲವೂ ನೆನಪಾಯಿತು. ಕೈಬರಹದ ಹಾಳೆಗಳ ಚಿತ್ರ ತೆಗೆದು ಪಿಡಿಎಫ್ ಮಾಡಲು ಒಂದು ಆ್ಯಪ್ ಹಾಕಿಕೊಂಡಿದ್ದೆವು. ಅದು ಉಚಿತವೆಂದಿತು, ಬೆರಳಚ್ಚು ಕೇಳಿತು, ಒತ್ತಿದೆವು. ಕಾರ್ಡಿನ ಸಂಖ್ಯೆಯನ್ನಾಗಲಿ ಓಟಿಪಿಯನ್ನಾಗಲಿ ಕೇಳಲಿಲ್ಲ. ಕೇಳಿದ್ದರೆ ಎಚ್ಚರಗೊಳ್ಳುತ್ತಿದ್ದೆವೇನೋ. ಹಣ ಕೊಡುವ ದಾರಿಯಾಗಿ ಫೋನಿನ ಬಿಲ್ಲೇ ಸೇರಿಕೊಂಡಿದ್ದರಿಂದ ಬೇರೇನೂ ಬೇಕಿರಲಿಲ್ಲ. ಮರುದಿನವೇ ಆ್ಯಪನ್ನು ಅಳಿಸಿ, ಅದರ ಸಂಬಂಧ ಅಲ್ಲಿಗೆ ಮುಗಿಯಿತೆಂದು ತಿಳಿದೆವು.

ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲವಂತೆ. ಪತ್ರಿಕೆಯನ್ನು ರದ್ದಿಗೆ ಹಾಕಿದ ಮಾತ್ರಕ್ಕೆ ಪತ್ರಿಕೆ ಹಾಕುವವನು ಬರುವುದು ನಿಲ್ಲುತ್ತದೆಯೇ ಎಂದು ಅವಳು ಕೇಳಿದಳು. ನಾವು ಸುಮ್ಮನಾದೆವು.

ರದ್ದು ಮಾಡಲು ಪ್ಲೇ ಸ್ಟೋರ್ ತೆರೆದು, ಮೇಲಿನ ಚಿತ್ರವನ್ನೊತ್ತಿ, Payments & subscriptions, ಅದರೊಳಗೆ Subscriptions ನೋಡಿದಳು. ಪಟ್ಟಿ ಖಾಲಿ! ಇಲ್ಲಿಗೆ ಬಿಟ್ಟುಬಿಡುವವರೇ ಹೆಚ್ಚಿರಬೇಕು. ಅವಳು ಬಿಡಲಿಲ್ಲ. ಚಂದಾ ಇರುವುದು ಮೊಬೈಲಿನ ಮೇಲಲ್ಲ, ಅದನ್ನು ತೆಗೆದುಕೊಂಡ ಗೂಗಲ್ ಖಾತೆಯ ಮೇಲೆ. ಮೊಬೈಲು ಕೊಂಡ ದಿನ ಅಂಗಡಿಯ ಹುಡುಗ ಮಾಡಿಕೊಟ್ಟಿದ್ದ ಇನ್ನೊಂದು ಖಾತೆ ಅದರಲ್ಲಿತ್ತು, ನಾವು ಮರೆತೇಬಿಟ್ಟಿದ್ದೆವು. ಅದಕ್ಕೆ ಬದಲಿಸಿದಾಗ ಆ ಆ್ಯಪಿನ ಹೆಸರು, ಮುಂದಿನ ನವೀಕರಣ ಮಾರ್ಚ್ 11 ಎಂಬ ಸೂಚನೆ ಕಾಣಿಸಿದವು. ಆ ಖಾತೆಯ ಜಿಮೇಲಿನಲ್ಲಿ GPA ಎಂದು ಆರಂಭವಾಗುವ ಸಂಖ್ಯೆಗಳಿದ್ದ ಐದು ರಸೀದಿಗಳು ಯಾರೂ ಓದದೆ ಬಿದ್ದಿದ್ದವು.

Cancel subscription ಒತ್ತಿದಳು. ಹಣ ಮರಳಿ ಪಡೆಯುವುದು ಅಷ್ಟು ಸುಲಭವಾಗಲಿಲ್ಲ. 48 ಗಂಟೆಗಳೊಳಗಾದರೆ ಗೂಗಲ್‌ಗೇ ಕೇಳಬಹುದಂತೆ, ಆ ಅವಧಿ ಮೀರಿತ್ತು. ರಸೀದಿಯ ಸಂಖ್ಯೆಗಳನ್ನು ಬರೆದು ಆ್ಯಪ್ ತಯಾರಿಸಿದವರಿಗೆ ಮೇಲ್ ಕಳುಹಿಸಿದಳು. ಕೊನೆಯ 299 ಮಾತ್ರ, ಎರಡು ಬಿಲ್ಲುಗಳು ಕಳೆದ ಮೇಲೆ, ಕಡಿತವಾಗಿ ಬಂದಿತು. ಉಳಿದ 1,196 ರೂಪಾಯಿ ಹೋದದ್ದೇ. ಫೋನ್ ಬಿಲ್ಲಿನ ಮೂಲಕ ಖರೀದಿಸುವ ಸೌಲಭ್ಯವನ್ನೇ ನಿಲ್ಲಿಸುವಂತೆ ಗ್ರಾಹಕ ಸೇವೆಯವರಿಗೂ ಹೇಳಿಸಿದಳು.

ಆದರೆ ಆ ರಾತ್ರಿ ನಮ್ಮನ್ನು ಕಾಡಿದ್ದು ಹಣವಲ್ಲ. ಕೆಟ್ಟ ಗುಮಾನಿಯಿಂದ ದೂರವಿರಬೇಕೆಂದು ತರಗತಿಯಲ್ಲಿ ಮಕ್ಕಳಿಗೆ ಎಷ್ಟು ಸಲ ಪಾಠ ಹೇಳಿಲ್ಲ ನಾವು? ಕಪಾಟು ತೆರೆದು ಮೊಬೈಲು ತೆಗೆದೆವು. ಮಗ ಗಣಿತದ ಲೆಕ್ಕ ಬಿಡಿಸುತ್ತಿದ್ದ.

“ಮಗನೇ, ತಪ್ಪು ನಮ್ಮದು. ನಮ್ಮನ್ನು ಕ್ಷಮಿಸಿಬಿಡು” ಎಂದೆವು.

ಅವನು ಮೊಬೈಲನ್ನು ತೆಗೆದುಕೊಂಡು ಪುಸ್ತಕದ ಪಕ್ಕದಲ್ಲಿ ಬೋರಲು ಹಾಕಿದ. ಸ್ವಲ್ಪ ಹೊತ್ತಿನ ಮೇಲೆ, ತಲೆಯೆತ್ತದೆಯೇ, “ಅಬ್ಬಾ, ಮುಂದಿನ ಸಲ ಪ್ರಶ್ನೆಪತ್ರಿಕೆಗಳನ್ನು ನನಗೆ ಕೊಡಿ, ನಾನೇ ಪಿಡಿಎಫ್ ಮಾಡಿಕೊಡುತ್ತೇನೆ” ಎಂದ.