ನಂಗೆ ಎಂಟು ವರ್ಷ, ಇಲ್ಲಿ ಈಗ ಶನಿವಾರ ಸಂಜೆ

ನಿಮ್ಮ ಮಕ್ಕಳು ಆನ್‌ಲೈನ್ ಕನ್ನಡ ತರಗತಿಗೆ ಹೋಗುತ್ತಿದ್ದರೆ ಮೊದಲ ವಾರದ ಹೋಂವರ್ಕ್ ಏನೆಂದು ನಿಮಗೆ ಗೊತ್ತೇ ಇರುತ್ತದೆ: ನಿಮ್ಮ ಪರಿಚಯ ಹೇಳಿ, ರೆಕಾರ್ಡ್ ಮಾಡಿ ಕಳಿಸಿ. ನಮ್ಮ ಮಗಳ ತರಗತಿಯ ಮಕ್ಕಳು ಅಮೆರಿಕ, ಜರ್ಮನಿ, ಸಿಂಗಪುರದಲ್ಲಿ ಹಂಚಿಹೋಗಿದ್ದಾರೆ. ಎಲ್ಲರೂ ಒಟ್ಟಿಗೆ ಎಚ್ಚರವಾಗಿರುವ ಹೊತ್ತು ಸಿಗುವುದೇ ಕಷ್ಟ. ಜರ್ಮನಿಯ ಹುಡುಗಿಗೆ ಇಂಗ್ಲಿಷ್ ಇನ್ನೂ ಅಷ್ಟಾಗಿ ಬರುವುದಿಲ್ಲ, ನಮ್ಮವಳಿಗೆ ಜರ್ಮನ್ ಬರುವುದಿಲ್ಲ. ಅಂದರೆ ಇವರಿಬ್ಬರೂ ಮಾತಾಡಬೇಕಾದರೆ ಇರುವುದು ಕನ್ನಡ ಒಂದೇ. ಇಬ್ಬರೂ ಮುಖಾಮುಖಿ ಭೇಟಿಯಾಗದೆಯೂ ಇರಬಹುದು.

ಮಗಳ ಮೊದಲ ಕರಡು ಹೀಗಿತ್ತು: "ನಾನು ಎಂಟು ವರ್ಷ ಹಳೆಯವಳು. ನಾನು ಈಜುವುದನ್ನು ಇಷ್ಟಪಡುತ್ತೇನೆ. ನಾನು ಒಬ್ಬ ಬ್ರದರ್ ಹೊಂದಿದ್ದೇನೆ." ಪದಗಳೆಲ್ಲ ಹೆಚ್ಚೂಕಮ್ಮಿ ಕನ್ನಡವೇ, ಆದರೆ ಒಳಗಿನ ಎಲುಬು ಇಂಗ್ಲಿಷಿನದು. ನಮ್ಮಲ್ಲಿ ಹಳೆಯದಾಗುವುದು ಪಾತ್ರೆ, ಬಟ್ಟೆ. ವಯಸ್ಸು, ಇಷ್ಟ, ಬರುವ ವಿದ್ಯೆ, ಒಡಹುಟ್ಟಿದವರು ಇವನ್ನೆಲ್ಲ ನಾವು 'ನಾನು' ಎಂದಲ್ಲ, 'ನನಗೆ' ಎಂದು ಶುರುಮಾಡಿ ಹೇಳುತ್ತೇವೆ. ಪರಿಚಯದ ಅರ್ಧಕ್ಕರ್ಧ ವಾಕ್ಯಗಳು ಹೀಗೇ ಇರುವುದರಿಂದ, ಮಕ್ಕಳು ತಡವರಿಸುವುದೂ ಇಲ್ಲೇ.

ಇದನ್ನು ವ್ಯಾಕರಣವಾಗಿ ವಿವರಿಸುವ ಬದಲು ಸಾಗರದಲ್ಲಿರುವ ನಮ್ಮಮ್ಮನಿಗೆ ವಿಡಿಯೊ ಕಾಲ್ ಮಾಡಿ, ಮೊಮ್ಮಗಳನ್ನು ಸುಮ್ಮನೆ ಮಾತಾಡಿಸಲು ಹೇಳಿದೆವು. "ನಿಂಗೆ ಎಷ್ಟು ವರ್ಷ ಆಯ್ತು ಪುಟ್ಟಿ?" "ನಂಗೆ ಎಂಟು." "ನಿಂಗೆ ಏನಿಷ್ಟ?" "ನಂಗೆ ಈಜೋದು ಇಷ್ಟ." ಪ್ರಶ್ನೆಯಲ್ಲಿರುವ 'ನಿಂಗೆ' ಉತ್ತರದಲ್ಲಿ ತಾನಾಗಿ 'ನಂಗೆ' ಆಗುತ್ತದೆ. "ಬ್ರದರ್ ಅಂದ್ರೆ? ಅಣ್ಣನೋ ತಮ್ಮನೋ?" ಎಂದು ಅಜ್ಜಿ ಕೇಳಿದ ಮೇಲೆ "ನಂಗೊಬ್ಬ ತಮ್ಮ ಇದ್ದಾನೆ" ಎಂಬುದೂ ಬಂತು. ನೀವೂ ಬರೆಸುವ ಮೊದಲು ಹೀಗೆ ಬಾಯಲ್ಲಿ ಕೇಳಿ ನೋಡಿ. ನೀವೇ ಚಂದವಾಗಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿದರೆ ರೆಕಾರ್ಡಿಂಗ್ ಚೆನ್ನಾಗಿ ಬರುತ್ತದೆ, ಆದರೆ ಆ ಕಡೆಯಿಂದ ಪ್ರಶ್ನೆ ಬಂದಾಗ ಮಗು ಸುಮ್ಮನಾಗುತ್ತದೆ. ಪ್ರತಿ ವಾಕ್ಯಕ್ಕೂ "ಅಂದ್ರೆ?" ಎಂದು ಕೇಳಿದರೆ ಯಾವುದು ಅದರ ಸ್ವಂತದ್ದು, ಯಾವುದು ನಿಮ್ಮದು ಎಂದು ತಿಳಿದುಬಿಡುತ್ತದೆ.

ಮುಂದಿನ ತೊಡಕು 'ಈಗ', 'ಇಲ್ಲಿ', 'ಇವತ್ತು' ಎಂಬ ಪದಗಳದ್ದು. ಎದುರಿಗೆ ಕೂತವರಿಗೆ ಇವು ಸಾಕು. ಮೂರು ದಿನ ಬಿಟ್ಟು ಇನ್ನೊಂದು ಖಂಡದಲ್ಲಿ ಕೇಳುವವರಿಗೆ ಇವುಗಳಿಂದ ಏನೂ ತಿಳಿಯುವುದಿಲ್ಲ. ನನ್ನ ಸಂಶೋಧನೆಯ ಕೆಲಸದಲ್ಲಿ ಯಾವ ಊರಿನ ಗಡಿಯಾರ ಎಂದು ಬರೆಯದ ಅಳತೆಯನ್ನು ಅರ್ಧ ಅಳತೆ ಎಂದೇ ಎಣಿಸುತ್ತೇವೆ, ಬಹುಶಃ ಅದಕ್ಕೇ ಇದು ನನ್ನ ಕಣ್ಣಿಗೆ ಬಿತ್ತು. ಮಗಳು ಹೇಳಿದ್ದು: "ಇಲ್ಲಿ ಶನಿವಾರ ಸಂಜೆ ಆರು ಗಂಟೆ, ಇನ್ನೂ ಬಿಸಿಲಿದೆ. ಅಜ್ಜಿ ಮನೇಲಿ ಭಾನುವಾರ ಬೆಳಗ್ಗೆ ಆರೂವರೆ." ಇದು ಸೆಪ್ಟೆಂಬರಿನ ಲೆಕ್ಕ. ನವೆಂಬರ್ ಮೊದಲ ಭಾನುವಾರ ನಮ್ಮ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅಜ್ಜಿಯ ಆರೂವರೆ ಏಳೂವರೆಯಾಗುತ್ತದೆ.

ಊರಿನ ಹೆಸರಿಗೂ ಅಷ್ಟೇ. ಮುಕಿಲ್ಟಿಯೊ ಎಂದರೆ ಯಾರಿಗೂ ಏನೂ ಕಾಣುವುದಿಲ್ಲ, ಸಿಯಾಟಲ್ ಹತ್ತಿರ ಎಂದರೆ ನಕ್ಷೆಯ ಒಂದು ಚುಕ್ಕೆ. ಇಲ್ಲಿ ಕಾಣುವುದನ್ನು ಹೇಳು ಎಂದೆ: 1906ರ ಬಿಳಿ ದೀಪಸ್ತಂಭ, ಅದರ ಹತ್ತಿರದಿಂದ ಕಾರುಗಳನ್ನು ಹೊತ್ತು ಇಪ್ಪತ್ತು ನಿಮಿಷದಲ್ಲಿ ವಿಡ್ಬಿ ದ್ವೀಪ ಮುಟ್ಟುವ ಫೆರಿ. ಫೆರಿಗೆ ಕನ್ನಡದಲ್ಲಿ ಏನು? ಅಜ್ಜಿಗೆ ಅನುಮಾನವೇ ಇರಲಿಲ್ಲ. "ಅದು ಲಾಂಚ್ ಅಲ್ವೇನೇ, ಸಿಗಂದೂರಿಗೆ ಹೋಗ್ತಿದ್ವಲ್ಲ!" ಶರಾವತಿ ಹಿನ್ನೀರಿನಲ್ಲಿ ಬಸ್ಸು, ಕಾರುಗಳನ್ನು ದಾಟಿಸುತ್ತಿದ್ದ ಲಾಂಚ್ ಅದು. 2025ರಲ್ಲಿ ಅಲ್ಲಿ ಸೇತುವೆಯಾಗಿದೆ, ಪದ ಮಾತ್ರ ಮುಕಿಲ್ಟಿಯೊಗೆ ಬಂತು. (ಮನೆ ವಿಳಾಸ, ಶಾಲೆಯ ಹೆಸರನ್ನು ರೆಕಾರ್ಡಿಂಗಿನಲ್ಲಿ ಹೇಳಿಸಬೇಡಿ. ದೀಪಸ್ತಂಭ ಸಾಕು.)

ಕೊನೆಗೆ ಒಂದು ಪ್ರಶ್ನೆ ಇರಬೇಕು. "ನಿಮ್ಮ ಬಗ್ಗೆ ಹೇಳಿ" ಎಂದರೆ ಎಂಟು ವರ್ಷದ ಮಕ್ಕಳಿಗೆ ಎಲ್ಲಿಂದ ಶುರುಮಾಡಬೇಕೋ ತೋಚುವುದಿಲ್ಲ. "ನಿಮ್ಮ ಕಿಟಕಿಯಿಂದ ಏನು ಕಾಣುತ್ತೆ?" ಎಂಬುದಕ್ಕೆ ಎದ್ದು ಕಿಟಕಿಯ ಹತ್ತಿರ ಹೋಗಿ ನೋಡಿದರೆ ಸಾಕು, ಉತ್ತರ ಸಿಗುತ್ತದೆ.

ಮಂಗಳವಾರ ಜರ್ಮನಿಯಿಂದ ಉತ್ತರ ಬಂತು: "ನಮ್ಮ ಕಿಟಕಿಯಿಂದ ಟ್ರಾಮ್ ಕಾಣುತ್ತೆ. ನಿಮ್ಮ ಲಾಂಚ್‌ನಲ್ಲಿ ಕಾರು ಜಾರಿ ನೀರಿಗೆ ಬೀಳಲ್ವಾ?" ಉತ್ತರ ಕೊಡಲು ಮಗಳಿಗೆ ಚಕ್ರಕ್ಕೆ ಇಡುವ ಅಡ್ಡಗಟ್ಟೆಗೆ ಏನನ್ನುತ್ತಾರೆಂದು ತಿಳಿಯಬೇಕಿತ್ತು, ನನಗೂ ಗೊತ್ತಿರಲಿಲ್ಲ. ಇಲ್ಲಿ ಸಂಜೆ ಐದು, ಸಾಗರದಲ್ಲಿ ಬೆಳಗಿನ ಐದೂವರೆ. ಅಜ್ಜಿ ಎದ್ದಿರುತ್ತಾರೆಂದು ಅವಳೇ ಫೋನ್ ತೆಗೆದುಕೊಂಡಳು.